ರಸೀದಿಯಿಲ್ಲದ ಆಟೊ ಬಾಡಿಗೆ
ಬೆಂಗಳೂರಿನ ವಿಲ್ಸನ್ ಗಾರ್ಡನ್‌ನ ಕಚೇರಿಯಿಂದ ಹುಬ್ಬಳ್ಳಿಗೆ ಕೆಲಸದ ಮೇಲೆ ಹೊರಟ ನೌಕರರಿಗೆ ಮೆಜೆಸ್ಟಿಕ್‌ವರೆಗಿನ ಆಟೊಗೆ ರಸೀದಿ ಸಿಗುವುದು ಅಪರೂಪವಾದ್ದರಿಂದ, ಮರುಪಾವತಿ ಅರ್ಜಿಯೊಡನೆ ಸ್ವಯಂಘೋಷಣೆಯನ್ನು, ಅಂದರೆ ವೆಚ್ಚಕ್ಕೆ ತಾವೇ ಹೊಣೆಯೆಂದು ಸಹಿ ಮಾಡಿದ ಹೇಳಿಕೆಯನ್ನು, ಲಗತ್ತಿಸಬೇಕಾಗುತ್ತದೆ. 2025ರ ಆಗಸ್ಟ್ 1ರಿಂದ ಜಾರಿಯಾದ ದರದಲ್ಲಿ ಮೊದಲ 2 ಕಿ.ಮೀ.ಗೆ 36 ರೂ., ನಂತರದ ಪ್ರತಿ ಕಿ.ಮೀ.ಗೆ 18 ರೂ. ಇರುವುದರಿಂದ 5 ಕಿ.ಮೀ.ಗೆ 90 ರೂ. ಆಗುತ್ತದೆ. “ರಸೀದಿ ಕಳೆದಿದೆ” ಎನ್ನದೆ, “ಚಾಲಕರು ರಸೀದಿ ನೀಡಿಲ್ಲ, ಮೀಟರ್‌ನಂತೆ 90 ರೂ. ಯುಪಿಐ ಮೂಲಕ ಪಾವತಿಸಿದ್ದು, ಈ ಮೊತ್ತವನ್ನು ಬೇರೆಲ್ಲೂ ಕೋರಿರುವುದಿಲ್ಲ” ಎಂದು ನಡೆದದ್ದನ್ನೇ ಬರೆಯುವುದು ಸರಿ. ಯುಪಿಐ ದಾಖಲೆ ಹಣ ಸಂದುದನ್ನಷ್ಟೇ ತೋರಿಸುವುದರಿಂದ ಅದೇ ದಿನದ ಬಸ್ ಟಿಕೆಟನ್ನೂ ಜೊತೆಗಿಡಬೇಕು. ವಸತಿಗೃಹದ ಬಿಲ್ಲು ಕಳೆದಿದ್ದರೆ ಘೋಷಣೆ ಬರೆಯುವ ಮೊದಲು ಅಲ್ಲಿಂದಲೇ ಎರಡನೆಯ ಪ್ರತಿಯನ್ನು ಕೇಳಿ ಪಡೆಯಬೇಕು.