ಹೋಗುವ ಮುಂಚೆ ಬರೆದಿಟ್ಟ ಚೀಟಿ

ನಾಳೆಯಿಂದ ನಂಗೆ ಬೇರೆ ಪ್ರಾಜೆಕ್ಟು. ಮೂರು ವರ್ಷ ಸಾಕಿದ ಬೆಳಗಿನ ರಿಪೋರ್ಟನ್ನು ಹೊಸ ಹುಡುಗಿಗೆ ಒಪ್ಪಿಸಬೇಕಲ್ಲ, ಟಿಪ್ಪಣಿ ಬರೆಯುತ್ತಾ ಕೂತಿದ್ದೆ. ಮೊದಲ ಸಾಲು ಸುಲಭ:

```
30 0 * * * /opt/report/run.sh
```

ಸರ್ವರಿನ ಗಡಿಯಾರ ಯುಟಿಸಿ, ನಮಗೆ ಬೆಳಗ್ಗೆ 6 ಗಂಟೆ.

ತಿಂಗಳ ಕೊನೆಯಲ್ಲಿ ಮಾತ್ರ ಮಾರಾಟದ ಡೇಟಾ ಬಂದು ಮುಗಿಯುವಷ್ಟರಲ್ಲಿ 6 ದಾಟಿರುತ್ತದೆ. ಸ್ಕ್ರಿಪ್ಟು ಸಿಕ್ಕಷ್ಟನ್ನೇ ಕೂಡಿಸಿ, ಯಾವ ಎರರೂ ಇಲ್ಲದೆ ಮೇಲ್ ಕಳಿಸಿಬಿಡುತ್ತದೆ. ಒಮ್ಮೆ ಹೀಗೇ ಅರ್ಧ ಲೆಕ್ಕ ಮೀಟಿಂಗಿಗೆ ಹೋಯ್ತು. ಗಾಬರಿಯಲ್ಲಿ ಮತ್ತೆ ಓಡಿಸಿದೆ. ಹಳೇ ಸಾಲುಗಳ ಜೊತೆ ಹೊಸವೂ ಸೇರಿ ಮೊತ್ತ ಒಂದೂವರೆ ಪಟ್ಟು!

ಅದಕ್ಕೇ ಬರೆದೆ: "ತಿಂಗಳ ಕೊನೆಗೆ ಸಾಲುಗಳ ಎಣಿಕೆಯನ್ನು ಮೂಲ ಟೇಬಲ್ ಜೊತೆ ತಾಳೆ ನೋಡಿ. ಕಮ್ಮಿಯಿದ್ದರೆ ಆ ದಿನದ ಸಾಲುಗಳನ್ನು ಅಳಿಸಿ, ಆಮೇಲಷ್ಟೇ ಓಡಿಸಿ."

ಇಷ್ಟು ದಿನ ಇದು ನನ್ನ ತಲೆಯಲ್ಲಷ್ಟೇ ಇತ್ತು. 'ಆಟೋಮ್ಯಾಟಿಕ್' ರಿಪೋರ್ಟಿನ ಒಂದು ಭಾಗ ನಾನೇ ಆಗಿದ್ದೆ ನೋಡಿ...