ಸುರಂಗದ ವೀಡಿಯೊಗೆ ಎರಡು ಹೆಸರು

ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ‘ಲಿಟಲ್ ಕೈಟ್ಸ್’ ಎಂಬ ಐಟಿ ಕ್ಲಬ್ಬುಗಳಿವೆ. ಮಂಜೇಶ್ವರ ತಾಲೂಕಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅಲ್ಲಿ ಕ್ಯಾಮೆರಾ ಹಿಡಿಯುತ್ತಾರೆ, ಎಡಿಟಿಂಗ್ ಕಲಿಯುತ್ತಾರೆ. ಒಂಬತ್ತನೇ ತರಗತಿಯ ನನ್ನ ಮಗಳು ಶಾಲೆಯ ಮೀಡಿಯಾ ಕ್ಲಬ್ಬಿನ ಗೆಳೆಯರಿಗಾಗಿ ಒಂದು ಭಾಷಣ ಬರೆದಳು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಎಂದು ಬದುಕುವ ನಮಗೆಲ್ಲ ಅದು ಬೇಕಾದ ಮಾತು. ಅವಳನ್ನು ಕೇಳಿಯೇ ಇಲ್ಲಿ ಕೊಡುತ್ತಿದ್ದೇನೆ.

“ಗೆಳೆಯರೇ, ಬಾಯಾರಿನ ಸುರಂಗದ ಬಗ್ಗೆ ನಾವು ತೆಗೆದ ವೀಡಿಯೊವನ್ನೇ ನೋಡೋಣ. ಗುಡ್ಡದ ಮುರಕಲ್ಲನ್ನು ಪಿಕ್ಕಾಸಿನಿಂದ ಅಡ್ಡಕ್ಕೆ ಕೊರೆದು, ಒಬ್ಬರು ನಡೆದುಹೋಗುವಷ್ಟು ದಾರಿ ಮಾಡಿ, ಒಳಗೆ ಒಸರುವ ನೀರನ್ನು ಪಂಪಿಲ್ಲದೆ ಅಂಗಳಕ್ಕೆ ಹರಿಸುತ್ತಾರೆ. ಇಷ್ಟೆಲ್ಲ ಇರುವ ವೀಡಿಯೊಗೆ ಫೋನು ಕೊಟ್ಟ ಹೆಸರು VID_20250118_101522. ನಾವು ಏನೂ ಬರೆಯದಿದ್ದರೆ ಯೂಟ್ಯೂಬ್ ಆ ಫೈಲಿನ ಹೆಸರನ್ನೇ ಶೀರ್ಷಿಕೆ ಮಾಡಿಬಿಡುತ್ತದೆ.

‘ಅದ್ಭುತ ಸುರಂಗ’ ಅಂತ ಇಡೋಣ ಎಂದು ನಮ್ಮಲ್ಲೇ ಒಬ್ಬರು ಹೇಳಿದರು. ಆದರೆ ಮೆಟ್ರೊ ಹೋಗುವುದೂ ಸುರಂಗ, ರೈಲು ಹೋಗುವುದೂ ಸುರಂಗ. ನಮ್ಮ ಸುರಂಗದಲ್ಲಿ ನೀರಿದೆ, ಅದು ಗುಡ್ಡದಲ್ಲಿದೆ, ಬಾಯಾರಿನಲ್ಲಿದೆ. ಈ ಮೂರೂ ಶೀರ್ಷಿಕೆಯಲ್ಲಿ ಬರಬೇಕು. ‘ಬಾಯಾರಿನ ಗುಡ್ಡದೊಳಗಿನ ಸುರಂಗದಿಂದ ಮನೆಗೆ ನೀರು’ ಎಂದರೆ ಸಾಕು. ಶೀರ್ಷಿಕೆಗೆ ಇರುವ ಮಿತಿ 100 ಅಕ್ಷರ. ಕನ್ನಡದಲ್ಲಿ ಗುಣಿತದ ಚಿಹ್ನೆ, ಒತ್ತು, ಸೊನ್ನೆ ಎಲ್ಲವೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಈ ಪುಟ್ಟ ಸಾಲೇ 40 ಆಗುತ್ತದೆ. ಫೋನಿನ ಪರದೆಯಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿಹೋಗುವುದರಿಂದ ಮುಖ್ಯವಾದದ್ದು ಮೊದಲೇ ಬರಲಿ.

ಮಲಯಾಳ ಬಲ್ಲ ಗೆಳೆಯರಿಗೆ ಏನು ಮಾಡುವುದು? ಎರಡೂ ಲಿಪಿಯನ್ನು ಒಂದೇ ಸಾಲಿಗೆ ತುರುಕಿದರೆ ಯಾರಿಗೂ ಪೂರ್ತಿ ಕಾಣುವುದಿಲ್ಲ. ಯೂಟ್ಯೂಬ್ ಸ್ಟುಡಿಯೊದಲ್ಲಿ ಮೂಲ ಭಾಷೆ ಕನ್ನಡ ಎಂದು ಆರಿಸಿ, ಮಲಯಾಳವನ್ನು ಸೇರಿಸಿ, ಆ ಭಾಷೆಯ ಶೀರ್ಷಿಕೆ ಮತ್ತು ವಿವರಣೆಯನ್ನು ಬೇರೆಯಾಗಿ ಬರೆಯಬಹುದು. ಮಲಯಾಳದಲ್ಲಿ ಯೂಟ್ಯೂಬ್ ಬಳಸುವವರಿಗೆ ಅದು ಕಾಣುತ್ತದೆ. ಆದರೆ ಕನ್ನಡದ ಸಾಲನ್ನೇ ಅಲ್ಲಿ ಮಲಯಾಳ ಮಾಡಿ ಇಟ್ಟರೆ ಸಾಲದು. ಪುತ್ತೂರಿನವರಿಗೆ ಬಾಯಾರು ಗೊತ್ತು, ಕೊಚ್ಚಿಯವರಿಗೆ ಗೊತ್ತಿರಲಿಕ್ಕಿಲ್ಲ. ಅವರ ಸಾಲಿನಲ್ಲಿ ಕಾಸರಗೋಡು ಇರಬೇಕು.

ಇಲ್ಲೊಂದು ತೊಡಕಿದೆ. ನಮ್ಮಲ್ಲಿ ಎಷ್ಟೋ ಜನರ ಫೋನು ಇಂಗ್ಲಿಷಿನಲ್ಲಿರುತ್ತದೆ. ಇಂಗ್ಲಿಷ್ ಶೀರ್ಷಿಕೆ ಸೇರಿಸದಿದ್ದರೆ ಅವರಿಗೆ ಮೂಲದ ಕನ್ನಡ ಸಾಲೇ ಕಾಣುತ್ತದೆ. ಅದಕ್ಕಾಗಿ ಕನ್ನಡ ಶೀರ್ಷಿಕೆಯ ಕೊನೆಗೆ Suranga, Kasaragod ಎಂದು ಸೇರಿಸೋಣ. ಹುಡುಕುವಾಗ ನಾವೂ ಹೀಗೇ ಟೈಪ್ ಮಾಡುತ್ತೇವಲ್ಲ.

ಇನ್ನು ವಿವರಣೆ. ‘ಹೆಚ್ಚು’ ಎಂದು ಒತ್ತುವ ಮೊದಲು ಕಾಣುವುದು ಆರಂಭದ ಸ್ವಲ್ಪ ಭಾಗ ಮಾತ್ರ. ‘ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ’ ಎಂದು ಅದನ್ನು ಕಳೆಯುವುದು ಬೇಡ. ನಾನು ಹೀಗೆ ಬರೆದಿದ್ದೇನೆ: ‘ಬಾಯಾರಿನ ಒಂದು ಮನೆಯವರು ಬಾವಿಯ ಬದಲು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಕುಡಿಯುತ್ತಾರೆ. ಒಳಗೆ ನಡೆದುಹೋಗಿ ಚಿತ್ರೀಕರಿಸಿದ್ದೇವೆ.’ ಅದರ ಕೆಳಗೆ ಮಲಯಾಳದಲ್ಲೂ ಒಂದು ಪ್ಯಾರಾ. ಊರಿನ ಹೆಸರುಗಳು ಇಲ್ಲಿ ಎರಡು ರೂಪದಲ್ಲಿ ಓಡಾಡುತ್ತವೆ. ನಾವು ಮಂಜೇಶ್ವರ ಎನ್ನುತ್ತೇವೆ, ಬೋರ್ಡಿನಲ್ಲಿ ಮಂಜೇಶ್ವರಂ ಇರುತ್ತದೆ. ಎರಡನ್ನೂ ವಾಕ್ಯದೊಳಗೆ ಒಂದೊಂದು ಸಲ ಬಳಸಿದರೆ ಸಾಕು. ಪದಗಳನ್ನು ಸಾಲಾಗಿ ರಾಶಿ ಹಾಕುವುದು ಯೂಟ್ಯೂಬಿನ ನಿಯಮಕ್ಕೇ ವಿರುದ್ಧ.

ಆಮೇಲೆ ಸಮಯದ ಪಟ್ಟಿ ಕೊಡಿ:

```
0:00 ಗುಡ್ಡದ ಬುಡ
0:50 ಸುರಂಗದ ಒಳಗೆ
2:35 ನೀರು ಅಂಗಳಕ್ಕೆ ಬರುವ ದಾರಿ
```

ಮೊದಲ ಸಾಲು 0:00 ಆಗಿರಬೇಕು, ಕನಿಷ್ಠ ಮೂರು ಸಾಲು ಬೇಕು, ಒಂದೊಂದು ಭಾಗವೂ 10 ಸೆಕೆಂಡಿಗಿಂತ ಕಡಿಮೆ ಇರಬಾರದು. ಇದರಲ್ಲಿ ಒಂದು ತಪ್ಪಿದರೂ ವೀಡಿಯೊದ ಗೆರೆ ಭಾಗಭಾಗವಾಗಿ ತುಂಡಾಗುವುದಿಲ್ಲ. ಅಪ್‌ಲೋಡ್ ಆದ ಮೇಲೆ ಗೆರೆ ನೋಡಿದರೆ ಅದು ಗೊತ್ತಾಗುತ್ತದೆ. ಮನೆಯವರ ಹೆಸರನ್ನು ಅವರು ಒಪ್ಪಿದರೆ ಮಾತ್ರ ಹಾಕಿ, ಫೋನ್ ನಂಬರ್ ಹಾಕಲೇಬೇಡಿ.”

ಭಾಷಣ ಇಷ್ಟೇ. ನನ್ನದೊಂದು ಮಾತು ಸೇರಿಸುತ್ತೇನೆ. ಕೆಲವು ವಾರ ಕಳೆದ ಮೇಲೆ ಸ್ಟುಡಿಯೊದ ಅನಾಲಿಟಿಕ್ಸ್‌ನಲ್ಲಿ, ಜನ ಯಾವ ಪದಗಳಿಂದ ಹುಡುಕಿ ಬಂದರು ಎಂಬುದನ್ನು ನೋಡಬೇಕು. suranga ಎಂದು ಬಂದವರಿದ್ದಾರೋ, surangam ಎಂದು ಬಂದವರಿದ್ದಾರೋ ಅಲ್ಲಿ ತಿಳಿಯುತ್ತದೆ. ವಿವರಣೆಯಲ್ಲಿ ಇಲ್ಲದ ಪದವೊಂದು ಅಲ್ಲಿ ಕಂಡರೆ ಅದನ್ನು ಸೇರಿಸಬೇಕು. ಗಡಿನಾಡಿನ ಕನ್ನಡ ಶಾಲೆಗಳ ಚಾನೆಲ್‌ಗಳನ್ನು ನೋಡಿಕೊಳ್ಳುವ ಅಧ್ಯಾಪಕರಲ್ಲಿ ನನ್ನ ವಿನಂತಿ ಇದು: ಹಳೆಯ ವೀಡಿಯೊಗಳನ್ನು ಮಕ್ಕಳ ಕೈಗೆ ಕೊಟ್ಟು, ಎರಡೂ ಭಾಷೆಯಲ್ಲಿ ಹೆಸರಿಡಿಸಿ. ಶೀರ್ಷಿಕೆ ಬದಲಿಸಿದರೆ ವೀಡಿಯೊದ ಲಿಂಕ್ ಬದಲಾಗುವುದಿಲ್ಲ.