ರಜೆಗೆ ಅಂಟಿದ ರಜೆ

ನನ್ನ ಅಕ್ಕ ಇಬ್ಬರೇ ಶಿಕ್ಷಕರಿರುವ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ. ವರ್ಷದ ನಡುವೆ ಜೊತೆಯ ಮೇಷ್ಟ್ರು ಒಂದು ದಿನ ಸಿ.ಎಲ್. ಕೇಳಿದರೆ ಥಟ್ಟನೆ ಸಹಿ ಹಾಕುತ್ತಾಳೆ. ಬೇಸಿಗೆ ರಜೆಗೆ ಅಂಟಿದ ದಿನವಾದರೆ ಮಾತ್ರ ಅವಳ ಪೆನ್ನು ನಿಲ್ಲುತ್ತದೆ.

2025ರಲ್ಲಿ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ ಇತ್ತು. ಮೇಷ್ಟ್ರು ತಂಗಿಯ ಮದುವೆಗೆ ಮೇ 29, 30ರಂದು ಸಿ.ಎಲ್. ಬೇಕೆಂದರು. ಸಿ.ಎಲ್. ಅನ್ನು ಬೇಸಿಗೆ ರಜೆಗೆ ಜೋಡಿಸುವಂತಿಲ್ಲ. ಗಳಿಕೆ ರಜೆ ಜೋಡಿಸಬಹುದು, ಆದರೆ ದೀರ್ಘ ರಜೆ ಸಿಗುವ ಶಿಕ್ಷಕರಿಗೆ ಅದು ವರ್ಷಕ್ಕೆ ಕೆಲವೇ ದಿನ ಸೇರುತ್ತದೆ. ಮಂಜೂರಾತಿಗೆ ಅರ್ಜಿ ಬಿಇಒ ಕಚೇರಿಗೆ ಹೋಗಬೇಕು.

ನಿಯಮದ ಹಿಂದೆ ಕಾರಣವಿದೆ. ಶಾಲೆ ತೆರೆಯುವ ವಾರ ನೀರಿನ ತೊಟ್ಟಿ ತೊಳೆಸಬೇಕು, ಅಡುಗೆ ಕೋಣೆ ಅಣಿ ಮಾಡಿಸಬೇಕು, ಒಂದನೇ ತರಗತಿಗೆ ಮಕ್ಕಳನ್ನು ಹುಡುಕಿ ಮನೆಮನೆ ತಿರುಗಬೇಕು. ಒಬ್ಬರು ಬಾರದಿದ್ದರೆ ಅರ್ಧ ಶಾಲೆಯೇ ಬಾರದ ಹಾಗೆ. ಒಬ್ಬರಿಗೆ ಕೊಟ್ಟರೆ ದಸರಾ ರಜೆಗೂ ಅದೇ ಅರ್ಜಿ ಬರುತ್ತದೆ.

“ಲಗ್ನಪತ್ರಿಕೆ ಇಟ್ಟು ಏಪ್ರಿಲ್‌ನಲ್ಲೇ ಗಳಿಕೆ ರಜೆಗೆ ಬರೀರಿ ಸಾರ್” ಎಂದಳು ಅಕ್ಕ. ಮೊದಲೇ ಗೊತ್ತಾದ್ದರಿಂದ ಆ ಎರಡು ದಿನ ಪಕ್ಕದೂರಿನ ಶಾಲೆಯಿಂದ ಒಬ್ಬ ಟೀಚರ್ ಬಂದರು.